‘ಮುಂದೆ’ ಒತ್ತಿದ ಮೇಲೆ

ಫಿಗ್ಮಾದಲ್ಲಿ ಮಾಡಿದ ಮಾದರಿಯಲ್ಲಿ ಓಟಿಪಿ ಪರದೆ ಎಷ್ಟು ಸಲೀಸು! ಬಟನ್ ಒತ್ತಿದರೆ ಮುಂದಿನ ಪುಟ. ಅಲ್ಲಿ ಓಟಿಪಿ ತಪ್ಪುವುದಿಲ್ಲ, ನೆಟ್‌ವರ್ಕ್ ಹೋಗುವುದಿಲ್ಲ. ಕೋಡ್ ಬರೆಯುವವರಿಗೆ ಬೇಕಾದದ್ದು ಎಡವಟ್ಟಿನ ಆ ವಿವರಗಳೇ. ಹಾಗಾಗಿ ಪರದೆಯ ಪಕ್ಕದಲ್ಲೇ ಬರೆದಿಡುತ್ತೇನೆ: 6 ಅಂಕಿ ತುಂಬುವವರೆಗೆ ‘ಮುಂದೆ’ ಬಟನ್ ಮಂಕಾಗಿರಲಿ, ಒತ್ತಿದೊಡನೆ ಚಕ್ರ ತಿರುಗಲಿ, ಇನ್ನೊಮ್ಮೆ ಒತ್ತಿದರೆ ಏನೂ ಆಗದಿರಲಿ. ತಪ್ಪು ಅಂಕಿ ಹಾಕಿದರೆ ಕೆಳಗೆ ‘ಓಟಿಪಿ ಸರಿಯಿಲ್ಲ, ಮತ್ತೆ ಹಾಕಿ’ ಎಂದು ಬರಲಿ. ‘ಸೂಕ್ತ ಸಂದೇಶ ತೋರಿಸಿ’ ಎಂದು ಬರೆದರೆ ಕೆಲಸಕ್ಕೆ ಬಾರದು. 30 ಸೆಕೆಂಡ್ ಕಳೆದ ಮೇಲೆ ‘ಮತ್ತೆ ಕಳಿಸಿ’.

ಹೊಸ ಓಟಿಪಿ ಬಂದಮೇಲೆ ಹಳೆಯದು ನಡೆಯುತ್ತದೆಯೇ? ಒಮ್ಮೆ ಇದನ್ನು ಬರೆಯದೆ ಬಿಟ್ಟಿದ್ದೆ. ಡೆವಲಪರ್ ನಡೆಯುತ್ತದೆ ಅಂದುಕೊಂಡರು, ಟೆಸ್ಟರ್ ನಡೆಯಬಾರದು ಅಂದುಕೊಂಡರು. ವಾರವಿಡೀ ಆ ಬಗ್ ಇಬ್ಬರ ನಡುವೆ ಓಡಾಡಿತು.