ಸಹಸಂಬಂಧ ಸೊನ್ನೆ, ಆದರೂ ಅವಲಂಬಿತ: ಐದು ಚೀಟಿ ಮತ್ತು ಒಂದು ಕೋಲಿನ ಪಾಠ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲಾ ಕಾಲೇಜುಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಗಣಿತ ಪ್ರಶಿಕ್ಷಣಾರ್ಥಿಗಳಿಗಾಗಿ ಈ ಟಿಪ್ಪಣಿ. ಸಹಸಂಬಂಧದ ಪಾಠವೊಂದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದೆ. ಲೆಕ್ಕದ ಕೊನೆಯಲ್ಲಿ r = 0 ಬಂತು. ವಿದ್ಯಾರ್ಥಿನಿಯೊಬ್ಬಳು ‘ಆದ್ದರಿಂದ X ಮತ್ತು Y ನಡುವೆ ಯಾವ ಸಂಬಂಧವೂ ಇಲ್ಲ’ ಎಂದು ಬರೆದಳು. ಪ್ರಶಿಕ್ಷಣಾರ್ಥಿ ಅದಕ್ಕೆ ಸರಿ ಗುರುತು ಹಾಕಿದರು. ಲೆಕ್ಕ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ಆ ಒಂದು ಸಾಲನ್ನು ತಿದ್ದಲು ಬೇಕಾದ ಉದಾಹರಣೆ ಹತ್ತು ನಿಮಿಷದಲ್ಲಿ ಕಪ್ಪುಹಲಗೆಯ ಮೇಲೆ ಮುಗಿಯುತ್ತದೆ.

ಐದು ಚೀಟಿ

ಒಂದೇ ಅಳತೆಯ ಐದು ಚೀಟಿಗಳ ಮೇಲೆ −2, −1, 0, 1, 2 ಎಂದು ಬರೆದು ಡಬ್ಬಿಗೆ ಹಾಕಿ. ಮಗುವೊಂದು ಕಣ್ಣುಮುಚ್ಚಿ ಒಂದು ಚೀಟಿ ಎತ್ತಲಿ. ಚೀಟಿಯ ಸಂಖ್ಯೆ X, ಅದರ ವರ್ಗ Y. ಪ್ರತಿ ಚೀಟಿ ಬರುವ ಸಂಭವನೀಯತೆ 1/5. ಹೀಗೆ X, Y ಎರಡೂ ಯಾದೃಚ್ಛಿಕ ಚರಗಳಾದವು. ಹಲಗೆಯ ಮೇಲೆ ಹೀಗೆ ಬರೆಯಿರಿ:

X : −2, −1, 0, 1, 2
Y = X² : 4, 1, 0, 1, 4
XY = X³ : −8, −1, 0, 1, 8

X ನ ಸರಾಸರಿ 0. Y ನ ಸರಾಸರಿ 10/5 = 2. XY ನ ಸರಾಸರಿ 0. ಹಾಗಾಗಿ ಸಹವಿಚಲನೆ, ಅಂದರೆ ಕೋವೇರಿಯನ್ಸ್,

E(XY) − E(X)·E(Y) = 0 − 0 × 2 = 0.

r ನ ಅಂಶ ಇದೇ ಆದ್ದರಿಂದ r ಕೂಡ 0. ಇಲ್ಲಿ ಮೂರನೆಯ ಸಾಲನ್ನು ಬೆರಳಿಟ್ಟು ತೋರಿಸಬೇಕು: −8 ಅನ್ನು 8 ಅಳಿಸಿತು, −1 ಅನ್ನು 1 ಅಳಿಸಿತು. ಸೊನ್ನೆ ಬಂದದ್ದು ಸಂಬಂಧ ಇಲ್ಲದ್ದರಿಂದಲ್ಲ, ಎಡಭಾಗದ ಸಂಬಂಧವೂ ಬಲಭಾಗದ ಸಂಬಂಧವೂ ಪರಸ್ಪರ ಕಳೆದುಹೋದದ್ದರಿಂದ.

ಇದನ್ನು ಮಕ್ಕಳೇ ಪರೀಕ್ಷಿಸಬಹುದು. 0, 1, 2 ಚೀಟಿಗಳನ್ನು ಮಾತ್ರ ಇಟ್ಟುಕೊಂಡು ಲೆಕ್ಕ ಮಾಡಿಸಿದರೆ r ಸುಮಾರು 0.96. −2, −1, 0 ಮಾತ್ರ ಇಟ್ಟರೆ ಸುಮಾರು −0.96. ಎರಡೂ ಕಡೆ ಬಿಗಿಯಾದ ಸಂಬಂಧ, ಕೂಡಿಸಿದರೆ ಸೊನ್ನೆ.

ಅವಲಂಬಿತ ಎಂದು ತೋರಿಸುವುದು ಹೇಗೆ?

‘Y ಬಂದದ್ದೇ X ನಿಂದ, ಅವಲಂಬಿತವಲ್ಲದೆ ಇನ್ನೇನು?’ ಎಂದು ಹೇಳಿ ಮುಂದೆ ಹೋಗಬೇಡಿ. ಸ್ವತಂತ್ರ ಎಂಬುದಕ್ಕೆ ಒಂದು ವ್ಯಾಖ್ಯೆ ಇದೆ, ಅದರಿಂದಲೇ ತೋರಿಸಬೇಕು. X, Y ಸ್ವತಂತ್ರವಾಗಿದ್ದರೆ ಅವುಗಳ ಪ್ರತಿಯೊಂದು ಜೊತೆ ಬೆಲೆಗೂ P(X = a, Y = b) = P(X = a) × P(Y = b) ಆಗಬೇಕು. ಒಂದೇ ಒಂದು ಜೊತೆ ತಪ್ಪಿದರೂ ಸ್ವಾತಂತ್ರ್ಯ ಇಲ್ಲ.

X = 2, Y = 4 ತೆಗೆದುಕೊಳ್ಳಿ. P(X = 2) = 1/5. P(Y = 4) = 2/5, ಏಕೆಂದರೆ −2 ಬಂದರೂ 2 ಬಂದರೂ ವರ್ಗ 4. ಗುಣಲಬ್ಧ 2/25. ಆದರೆ ಎರಡೂ ಒಟ್ಟಿಗೆ ಆಗುವ ಸಂಭವನೀಯತೆ 1/5, ಅಂದರೆ 5/25. ಎರಡೂ ಸಮವಲ್ಲ, ಆದ್ದರಿಂದ ಚರಗಳು ಅವಲಂಬಿತ.

ಮಾತಿನಲ್ಲಿ ಹೀಗೆ ಹೇಳಬಹುದು: ಚೀಟಿ ನೋಡಿದವರು ‘X ಎರಡು’ ಎಂದು ಹೇಳಿದ ಕೂಡಲೇ Y ನಾಲ್ಕೇ ಎಂದು ನಮಗೆ ಖಚಿತ. ಹೇಳುವ ಮೊದಲು ಅದು 2/5 ರಷ್ಟು ಮಾತ್ರ ಸಂಭವನೀಯವಾಗಿತ್ತು. X ನ ಸುದ್ದಿ Y ಬಗೆಗಿನ ನಮ್ಮ ಅಂದಾಜನ್ನು ಬದಲಿಸಿತು.

ನೆನಪಿಡಬೇಕಾದ ದಿಕ್ಕು ಒಂದೇ. ಸ್ವತಂತ್ರವಾಗಿದ್ದು ಸಹವಿಚಲನೆ ಎಂಬುದು ಇದ್ದರೆ ಅದು ಸೊನ್ನೆ. ಸಹವಿಚಲನೆ ಸೊನ್ನೆಯಾದರೆ ಸ್ವತಂತ್ರ ಎಂಬ ವಿಲೋಮ ನಿಲ್ಲುವುದಿಲ್ಲ. r ಅಳೆಯುವುದು ಸರಳರೇಖೆಯ ಸಂಬಂಧವನ್ನು ಮಾತ್ರ. ಆದ್ದರಿಂದ ವಿದ್ಯಾರ್ಥಿನಿಯ ಸಾಲು ಹೀಗಿರಬೇಕಿತ್ತು: ‘X ಮತ್ತು Y ನಡುವೆ ಸರಳರೇಖೀಯ ಸಂಬಂಧ ಇಲ್ಲ.’

ಶಾಲೆಯ ಅಂಗಳದಲ್ಲಿ

ಇದು ಪುಸ್ತಕದ ಚಮತ್ಕಾರವಲ್ಲ ಎಂದು ತೋರಿಸಲು ಒಂದು ಮೀಟರ್ ಉದ್ದದ ಕೋಲು ಸಾಕು. ಸೆಪ್ಟೆಂಬರ್ 22ರ ಸುಮಾರಿಗೆ, ಹಗಲು ರಾತ್ರಿ ಸಮವಾಗಿರುವ ದಿನ, ಮಧುಗಿರಿಯಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಸೂರ್ಯ ಅತಿ ಎತ್ತರದಲ್ಲಿರುವಾಗ ನೆರಳು ಸುಮಾರು 24 ಸೆಂ.ಮೀ. ಅದಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ನಂತರವೂ 37, ಎರಡು ಗಂಟೆ ಮೊದಲೂ ನಂತರವೂ 64. ಇವು ಅಕ್ಷಾಂಶದಿಂದ ಲೆಕ್ಕ ಹಾಕಿದ ಅಂಕಿಗಳು. X ಗೆ −2, −1, 0, 1, 2 ಗಂಟೆಗಳನ್ನೂ Y ಗೆ 64, 37, 24, 37, 64 ಅನ್ನೂ ಇಟ್ಟರೆ

ΣXY = −128 − 37 + 0 + 37 + 128 = 0.

X ನ ಸರಾಸರಿ 0 ಆದ್ದರಿಂದ ಇಷ್ಟಕ್ಕೇ r = 0. ಹೊತ್ತಿಗೂ ನೆರಳಿಗೂ ಸಂಬಂಧವಿಲ್ಲ ಎಂದು ಯಾವ ಮಗುವೂ ಒಪ್ಪುವುದಿಲ್ಲ! ನೆರಳು X ನ ವರ್ಗವೇ ಅಲ್ಲದಿದ್ದರೂ ವರ್ಗದ ಹಾಗೆ ಎರಡೂ ಕಡೆ ಒಂದೇ ಸಮ ಬೆಳೆಯುತ್ತದೆ. ಸೊನ್ನೆ ಬರಲು ಬೇಕಾದದ್ದು ಆ ಸಮಮಿತಿ.

ಪ್ರಶಿಕ್ಷಣಾರ್ಥಿಗಳು ಎಡವುವುದು ಇಲ್ಲಿಯೇ. ಗಡಿಯಾರದ 12 ಗಂಟೆಯನ್ನು ನಡುಹಗಲು ಎಂದುಕೊಂಡು 10, 11, 12, 1, 2 ಗಂಟೆಗೆ ಅಳೆಯುತ್ತಾರೆ. ಭಾರತದ ಸಮಯ 82.5° ಪೂರ್ವ ರೇಖಾಂಶದ್ದು. ಮಧುಗಿರಿ ಇರುವುದು ಸುಮಾರು 77.2° ಯಲ್ಲಿ. ಆ ದಿನ ಇಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವುದು ಸುಮಾರು 12 ಗಂಟೆ 14 ನಿಮಿಷಕ್ಕೆ. ಶಿರಾ, ಕೊರಟಗೆರೆ, ಪಾವಗಡಗಳಿಗೂ ಇದಕ್ಕೂ ಒಂದೆರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲ. ಗಡಿಯಾರದ ಗಂಟೆಗಳಿಗೆ ನೆರಳು ಸುಮಾರು 72, 42, 25, 32, 57. ಈಗ ΣXY = −40, r ಸುಮಾರು −0.33. ನೆರಳಿನ ನಿಯಮ ಬದಲಾಗಲಿಲ್ಲ, ನಡುಬಿಂದು ಕಾಲು ಗಂಟೆ ಸರಿಯಿತು, ಅಷ್ಟೆ. ಆದ್ದರಿಂದ ಅಳತೆಯನ್ನು 10:14, 11:14 ಹೀಗೆ ಇಟ್ಟುಕೊಳ್ಳಿ. ಬೇರೆ ದಿನವಾದರೆ ನೆರಳು ಅತಿ ಚಿಕ್ಕದಾಗುವ ಹೊತ್ತನ್ನು ಹಿಂದಿನ ದಿನವೇ ಗುರುತಿಸಿಕೊಳ್ಳಿ.

ಉದಾಹರಣೆ ಕೈಕೊಡುವ ಒಂದು ಜಾಗ

ಲೆಕ್ಕ ಚಿಕ್ಕದಾಗಲೆಂದು ಕೆಲವರು −1 ಮತ್ತು 1 ಎಂಬ ಎರಡೇ ಚೀಟಿ ತೆಗೆದುಕೊಳ್ಳುತ್ತಾರೆ. ಆಗ Y ಯಾವಾಗಲೂ 1. X ತಿಳಿದರೂ Y ಬಗ್ಗೆ ಹೊಸದೇನೂ ತಿಳಿಯುವುದಿಲ್ಲ; P(X = 1, Y = 1) = 1/2 = 1/2 × 1. ಚರಗಳು ನಿಜವಾಗಿಯೂ ಸ್ವತಂತ್ರ! ಮೇಲಾಗಿ Y ಬದಲಾಗದ ಕಾರಣ ಅದರ ವಿಚಲನೆ ಸೊನ್ನೆ, r ನ ಛೇದವೂ ಸೊನ್ನೆ, r ಗೆ ಅರ್ಥವೇ ಇಲ್ಲ. −1, 0, 1 ಎಂಬ ಮೂರು ಚೀಟಿಯಾದರೂ ಬೇಕು.

ಪಾಠದ ಕೊನೆಗೆ ಎರಡು ಪ್ರಶ್ನೆ

1. ಐದು ಚೀಟಿಗಳಿಂದ −2 ಕಳೆದುಹೋಯಿತು. ಉಳಿದ ನಾಲ್ಕರಿಂದ X ಮತ್ತು X² ಗಳ ಸಹವಿಚಲನೆ ಕಂಡುಹಿಡಿಯಿರಿ. (ಉತ್ತರ: 2 − 0.5 × 1.5 = 1.25)

2. r = 0 ಎಂದು ಬಂದಾಗ ತೀರ್ಮಾನ ಬರೆಯುವ ಮೊದಲು ಏನು ಮಾಡಬೇಕು? (ಉತ್ತರ: ಬಿಂದುಗಳನ್ನು ನಕ್ಷೆಹಾಳೆಯ ಮೇಲೆ ಗುರುತಿಸಿ ನೋಡಬೇಕು.)

ಎರಡನೆಯದಕ್ಕೆ ಮಕ್ಕಳು ತಾವಾಗಿ ಉತ್ತರಿಸಿದರೆ ಪಾಠ ಮುಟ್ಟಿದೆ ಎಂದು ತಿಳಿಯಿರಿ. ಚೀಟಿಗಳ ಬಿಂದುಗಳು ಬಟ್ಟಲಿನಾಕಾರದಲ್ಲಿ ನಿಂತಿರುವುದನ್ನು ಒಮ್ಮೆ ಕಂಡವರು ‘ಯಾವ ಸಂಬಂಧವೂ ಇಲ್ಲ’ ಎಂದು ಮತ್ತೆ ಬರೆಯುವುದಿಲ್ಲ.