ವಾಂತಿ-ಭೇದಿ: ಕೂಸಿಗೆ ಮತ್ತೆ ಊಟ ಯಾವಾಗ? ಮೊದಲು ಏನು ಕೊಡಬೇಕು?

ಮಲ್ಲಟ: ಕೂಸು ಎರಡು ಸಲ ವಾಂತಿ ಮಾಡಿತೆಂದರೆ ಮನೆಯ ಹಿರಿಯರ ಮೊದಲ ಮಾತು, ‘ಹೊಟ್ಟಿ ಖಾಲಿ ಇಡ್ರಿ, ಏನೂ ಕೊಡಬ್ಯಾಡ್ರಿ’. ಒಂದೆರಡು ವರ್ಷದ ಮಕ್ಕಳಿಗೆ ಅಪಾಯ ತರುವುದು ಇದೇ ಮಾತು. ಸಣ್ಣ ಮೈಯಿಂದ ನೀರು, ಉಪ್ಪು ಬೇಗ ಖಾಲಿಯಾಗುತ್ತವೆ. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿನಿಂದ ಹಲವರು ವಾಂತಿ-ಭೇದಿಗೆ ತುತ್ತಾಗಿ, ಮಗುವೊಂದು ಮೃತಪಟ್ಟಿದ್ದನ್ನು ಜಿಲ್ಲೆ ಮರೆತಿಲ್ಲ.

ಒಂದೂವರೆ ವರ್ಷದ ಕೂಸು ಬೆಳಿಗ್ಗೆ 6ಕ್ಕೆ ವಾಂತಿ ಮಾಡಿತು ಎಂದುಕೊಳ್ಳಿ. ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಆಮೇಲೆ ಓಆರ್‌ಎಸ್ ನೀರನ್ನು ಎರಡು ನಿಮಿಷಕ್ಕೊಂದು ಟೀ ಚಮಚದಂತೆ ಕುಡಿಸಬೇಕು. ಹೀಗೆ ತಾಸಿಗೆ 150 ಎಂಎಲ್ ಹೊಟ್ಟೆಗೆ ಹೋಗುತ್ತದೆ. ನೀರಡಿಕೆ ಆಗಿದೆ ಎಂದು ಲೋಟ ಬಾಯಿಗಿಟ್ಟರೆ ಕೂಸು ಗಟಗಟ ಕುಡಿದು ಮತ್ತೆ ಕಕ್ಕುತ್ತದೆ. ‘ಓಆರ್‌ಎಸ್ ನಿಲ್ಲವಲ್ದು’ ಅನ್ನುವವರ ಮನೆಯಲ್ಲಿ ಹೆಚ್ಚಾಗಿ ಆಗಿರುವುದು ಇದೇ. ಮತ್ತೆ ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಶುರು ಮಾಡಬೇಕು. ಎದೆಹಾಲನ್ನಂತೂ ನಿಲ್ಲಿಸಲೇಬಾರದು.

ಓಆರ್‌ಎಸ್ ದೊಡ್ಡ ಪ್ಯಾಕೆಟ್ ಅನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಕೂಸಿಗೆ ತೊಂದರೆ. ಕಲಸಿದ್ದು 24 ತಾಸು ದಾಟಿದರೆ ಚೆಲ್ಲಬೇಕು. ಅಂಗಡಿಯ ಜ್ಯೂಸ್, ಸೋಡಾ, ಗ್ಲೂಕೋಸ್ ನೀರು ಇದರ ಬದಲಿ ಅಲ್ಲ. ಹೆಚ್ಚಿನ ಸಕ್ಕರೆ ಭೇದಿಯನ್ನು ಜಾಸ್ತಿ ಮಾಡುತ್ತದೆ. ಸಿಹಿ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆ ಹಾಕಿದೆ. ಅಂಗಡಿಯವರು ಗಮನಿಸಬೇಕು.

ವಾಂತಿ ತಗ್ಗಿ, ಓಆರ್‌ಎಸ್ ಹೊಟ್ಟೆಯಲ್ಲಿ ನಿಲ್ಲತೊಡಗಿ ಮೂರು-ನಾಲ್ಕು ತಾಸಾದರೆ, ಅಂದರೆ 10 ಗಂಟೆ ಹೊತ್ತಿಗೆ, ಊಟ ಶುರು ಮಾಡಬಹುದು. ಭೇದಿ ನಿಲ್ಲಲಿ ಎಂದು ಕಾಯಬಾರದು. ಮೊದಲು ಉಪ್ಪು ಹಾಕಿದ ಅಕ್ಕಿ ಗಂಜಿ ಎರಡು-ಮೂರು ಚಮಚ. ಅದು ನಿಂತರೆ ಮೆತ್ತಗೆ ಕಿವುಚಿದ ಬೇಳೆ ಅನ್ನ, ಮೊಸರನ್ನ, ಬಾಳೆಹಣ್ಣು. ಮೂರು-ನಾಲ್ಕು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಬೇಕು. ಖಾರ, ಕರಿದದ್ದು ಬೇಡ. ಗಂಜಿ ನೀರಷ್ಟೇ ದಿನಗಟ್ಟಲೆ ಕೊಟ್ಟರೆ ಕೂಸು ಸೊರಗುತ್ತದೆ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಇರಲಿ.

ಭೇದಿ ಇರುವವರೆಗೆ ಪ್ರತಿ ಸಲಕ್ಕೂ ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100 ಎಂಎಲ್ ಓಆರ್‌ಎಸ್ ಕುಡಿಸಬೇಕು. ಜೊತೆಗೆ ಆಶಾ ಕಾರ್ಯಕರ್ತೆಯರು ಕೊಡುವ ಜಿಂಕ್ ಮಾತ್ರೆ (ಆರು ತಿಂಗಳು ದಾಟಿದವರಿಗೆ 20 ಎಂಜಿ) ದಿನಕ್ಕೊಂದರಂತೆ 14 ದಿನ. ಭೇದಿ ನಿಂತರೂ ಇದನ್ನು ಬಿಡಬಾರದು. ವಾಂತಿ, ಭೇದಿ ನಿಲ್ಲಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮೆಡಿಕಲ್ ಶಾಪ್‌ನಿಂದ ತರಬಾರದು.

ಕುಡಿದಿದ್ದೆಲ್ಲ ಕಕ್ಕುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಆರು ತಾಸಿನಿಂದ ಉಚ್ಚೆ ಹೊಯ್ಯದಿದ್ದರೆ, ಎಬ್ಬಿಸಿದರೂ ತೂಕಡಿಸುತ್ತಿದ್ದರೆ, ಭೇದಿಯಲ್ಲಿ ರಕ್ತ ಅಥವಾ ವಾಂತಿಯಲ್ಲಿ ಹಸಿರು ಬಣ್ಣ ಕಂಡರೆ ಮನೆ ಮದ್ದು ಸಾಲದು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ದಾರಿಯಲ್ಲೂ ಎಚ್ಚರವಿರುವ ಕೂಸಿಗೆ ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಿರಬೇಕು.