ಎರಡೂ ಗುಂಡಿ ಒತ್ತಿದರಷ್ಟೇ ಪ್ರೆಸ್ ಇಳಿಯಬೇಕು
ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಸಾಮಾನ್ಯ. ಎರಡು ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಆಗ ಯಾವ ಬೆರಳೂ ಡೈ ಒಳಗಿರುವುದಿಲ್ಲ. ಪಾಳಿ ಶುರುವಾದಾಗ ಒಂದೇ ಗುಂಡಿ ಒತ್ತಿ ನೋಡಬೇಕು. ಪ್ರೆಸ್ ಅಲುಗಾಡಿತೋ, ಅದು ಕೆಟ್ಟಿದೆ ಎಂದೇ ಅರ್ಥ. ಗುಂಡಿಗೆ ಟೇಪ್ ಸುತ್ತಿದ್ದರೆ ಯಾರೋ ಅದನ್ನು ಕಟ್ಟಿಹಾಕಿದ್ದಾರೆ.

ಈ ತಪಾಸಣೆಗೆ ಐದು ನಿಮಿಷ ಸಾಕು. ನಿಮಿಷಕ್ಕೆ ಹನ್ನೆರಡು ಪೀಸ್ ಎಂದರೆ ಅರವತ್ತು ಪೀಸ್ ನಷ್ಟ. ಸೂಪರ್‌ವೈಸರ್ ಕಣ್ಣಿಗೆ ಬೀಳುವುದು ಆ ಅರವತ್ತೇ. "ಇವತ್ತೊಂದಿನ ಬಿಡ್ರೀ, ಟಾರ್ಗೆಟ್ ಮುಗಿಸೋಣ" ಅನ್ನುತ್ತಾರೆ.

ಆಗ "ಮಾಡಲ್ಲ" ಎಂದರೆ ಅದು ಜಗಳವಾಗುತ್ತದೆ. "ಸಾರ್, ಕೆಲಸಕ್ಕೆ ರೆಡಿ ಇದ್ದೀನಿ. ಎಡಗಡೆ ಗುಂಡಿ ಬಿಟ್ಟರೂ ಪ್ರೆಸ್ ಇಳೀತಿದೆ. ಸರಿಮಾಡಿಸಿದ ತಕ್ಷಣ ಓಡಿಸ್ತೀನಿ" ಎನ್ನಿ. ಮೇನ್ ಸ್ವಿಚ್ ಆರಿಸಿ, ಪಾಳಿ ಪುಸ್ತಕದಲ್ಲಿ ದೋಷ ಮತ್ತು ಸಮಯ ಬರೆಯಿರಿ. ಮತ್ತೂ ಒತ್ತಾಯಿಸಿದರೆ, ಹಾಗೇ ಓಡಿಸು ಎಂದು ಬರೆದುಕೊಡಲು ಕೇಳಿ. ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಬರೆಯಲು ಬಹಳ ಮಂದಿ ಹಿಂಜರಿಯುತ್ತಾರೆ.

ಸುರಕ್ಷತೆಗೆಂದು ಇಟ್ಟ ಸಾಧನವನ್ನು ಬೇಕೆಂದೇ ಕೆಡಿಸುವುದು ಕಾನೂನಿನಲ್ಲಿ ಕಾರ್ಮಿಕನಿಗೂ ತಪ್ಪು. ಟೇಪ್ ಸುತ್ತಿದ ಕೈ ನಿಮ್ಮದಾದರೆ ನಾಳೆ ದೂರು ನಿಮ್ಮ ಮೇಲೇ ತಿರುಗಬಹುದು. ಸೌಲಭ್ಯ ಸಾಲದೆಂದು ಸರ್ಕಾರಿ ಇನ್‌ಸ್ಪೆಕ್ಟರ್‌ಗೆ ತಿಳಿಸುವ ಹಕ್ಕೂ ಕಾರ್ಮಿಕನಿಗಿದೆ. ಕರ್ನಾಟಕದಲ್ಲಿ ಅವರು ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯವರು.

ಗುತ್ತಿಗೆ ಕಾರ್ಮಿಕನಿಗೆ ಇದು ಸುಲಭವಲ್ಲ, ಗೇಟಿನಲ್ಲೇ ನಿಲ್ಲಿಸಿಬಿಡುತ್ತಾರೆಂಬ ಭಯ ನಿಜವಾದದ್ದು. ಅದಕ್ಕೇ ಒಬ್ಬರೇ ಹೋಗಬೇಡಿ. ಅದೇ ಸಾಲಿನ ಇಬ್ಬರು ಮೂವರು ಸೇರಿ, ಅದೇ ಮಾತನ್ನು ಅದೇ ಪಾಳಿಯಲ್ಲಿ ಹೇಳಿ.